ಸಂಬಳದ ಚೀಟಿ ತಾಳೆ ನೋಡ್ತೀರಾ?

ತಿಂಗಳ ಕೊನೆಯಲ್ಲೋ ಒಂದನೇ ತಾರೀಖಿನಲ್ಲೋ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಇಷ್ಟು ರೂಪಾಯಿ ಜಮಾ ಆಗಿದೆ ಅಂತ. ಹಾಲಿನವರ ಬಾಕಿ, ಬಾಡಿಗೆ, ಸ್ಕೂಲ್ ವ್ಯಾನ್, ಗ್ಯಾಸು, ಚೀಟಿ ಹಣ ಎಲ್ಲವನ್ನೂ ಆ ಒಂದು ಮೊತ್ತದಿಂದಲೇ ಹೊಂದಿಸುವವರು ನಾವು. ಆದರೆ ಆ ಮೊತ್ತ ಹೇಗೆ ಬಂತು, ಹೋದ ತಿಂಗಳಿಗಿಂತ ಮೂರು ಸಾವಿರ ಯಾಕೆ ಕಮ್ಮಿ ಅಂತ ಕೇಳಿದರೆ ಉತ್ತರ ಗೊತ್ತಿರುವುದಿಲ್ಲ. ಯಜಮಾನರನ್ನು ಕೇಳಿದರೆ ‘ಏನೇನೋ ಕಟ್ ಆಗುತ್ತೆ ಕಣೆ’ ಅನ್ನೋ ಮಾತಿಗೆ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವರಿಗೂ ಗೊತ್ತಿರೋದಿಲ್ಲ. ಸ್ಯಾಲರಿ ಸ್ಲಿಪ್ ಮೇಲ್‌ನಲ್ಲಿ ಬಂದು ತೆರೆಯದೇ ಬಿದ್ದಿರುತ್ತದೆ.

ಆ ಸ್ಲಿಪ್ಪನ್ನು ಓದುವುದು ದೊಡ್ಡ ವಿದ್ಯೆ ಏನಲ್ಲ. ನಾವು ದಿನಸಿ ಅಂಗಡಿಯ ಬಿಲ್ಲನ್ನು ಸಾಲು ಸಾಲಾಗಿ ನೋಡಿ ಕೂಡಿಸುವುದಿಲ್ಲವೇ, ಹಾಗೆಯೇ ಇದು. ಎಡಗಡೆ ಗಳಿಕೆ, ಬಲಗಡೆ ಕಡಿತ. ಎಡಗಡೆಯ ಒಟ್ಟು ಮೊತ್ತದಿಂದ ಬಲಗಡೆಯ ಒಟ್ಟು ಮೊತ್ತ ಕಳೆದರೆ ಕೈಗೆ ಬರುವ ಸಂಬಳ. ಈ ಮೂರು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಒಂದು ಮನೆಯ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಲೆಕ್ಕ ಮಾಡಿ ನೋಡೋಣ. ಇದು ಅರ್ಥವಾಗಲಿ ಅಂತ ಹಾಕಿಕೊಂಡ ಲೆಕ್ಕ. ನಿಮ್ಮ ಮನೆಯ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಮೊದಲು ನೋಡಬೇಕಾದ್ದು ದಿನಗಳ ಲೆಕ್ಕ

ನಮ್ಮ ಉದಾಹರಣೆಯ ಯಜಮಾನರು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿದ್ದಾರೆ. ತಿಂಗಳ ಸಂಬಳ 48,000 ರೂ. ಇದರಲ್ಲಿ ಮೂಲ ವೇತನ, ಅಂದರೆ ಬೇಸಿಕ್, 24,000. ಮನೆ ಬಾಡಿಗೆ ಭತ್ಯೆ 9,600. ಓಡಾಟದ ಭತ್ಯೆ 3,000. ಉಳಿದ 11,400 ವಿಶೇಷ ಭತ್ಯೆ. ಮೇ ತಿಂಗಳಲ್ಲಿ ಪೂರ್ತಿ ಸಂಬಳ ಬಂದಿತ್ತು. ಜೂನ್‌ನಲ್ಲಿ ಊರಿನಲ್ಲಿ ಏನೋ ಕಾರ್ಯಕ್ರಮ, ರಜೆ ಬಾಕಿ ಇರಲಿಲ್ಲ, ಆದರೂ ಎರಡು ದಿನ ಹೋಗಿ ಬಂದರು. ಆ ಎರಡು ದಿನಕ್ಕೆ ಸಂಬಳ ಇಲ್ಲ. ಆಫೀಸಿನವರು ಇದನ್ನೇ ‘ಲಾಸ್ ಆಫ್ ಪೇ’ ಅಥವಾ ‘ಎಲ್ಒಪಿ’ ಅನ್ನುವುದು.

ಸ್ಲಿಪ್ಪಿನ ಮೇಲ್ಭಾಗದಲ್ಲಿ ಹೆಸರು, ನೌಕರರ ಸಂಖ್ಯೆ, ಬ್ಯಾಂಕ್ ಖಾತೆಯ ಜೊತೆಗೆ ಮೂರು ಸಣ್ಣ ಸಂಖ್ಯೆಗಳಿರುತ್ತವೆ. ತಿಂಗಳ ದಿನಗಳು 30, ಸಂಬಳ ಸಿಕ್ಕ ದಿನಗಳು 28, ಎಲ್ಒಪಿ 2. ಕಣ್ಣು ಮೊದಲು ಹೋಗಬೇಕಾದ್ದು ಇಲ್ಲಿಗೇ. ಯಾಕೆಂದರೆ ಕೆಳಗಿನ ಇಡೀ ಲೆಕ್ಕ ನಿಂತಿರುವುದು ಈ ದಿನಗಳ ಮೇಲೆ. ಬೆಳಿಗ್ಗೆ ಬೆರಳಚ್ಚು ಒತ್ತುವುದು ಮರೆತದ್ದು, ಹಾಕಿದ ರಜೆಗೆ ಮೇಲಿನವರು ಒಪ್ಪಿಗೆ ಕೊಡದೆ ಬಿಟ್ಟದ್ದು, ಇವೆಲ್ಲ ಸದ್ದಿಲ್ಲದೆ ಎಲ್ಒಪಿ ಆಗಿ ಬಂದು ಕೂರುತ್ತವೆ. ಕೆಲವು ಕಂಪನಿಗಳಲ್ಲಿ ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ ಭಾನುವಾರವೂ ಸೇರಿ ನಾಲ್ಕು ದಿನ ಅಂತ ಲೆಕ್ಕ ಹಿಡಿಯುವ ನಿಯಮವೂ ಉಂಟು. ಆದ್ದರಿಂದ ‘ಎಷ್ಟು ದಿನ ರಜೆ ಹಾಕಿದ್ರಿ?’ ಅಂತ ಮೊದಲು ಕೇಳಿ, ಆಮೇಲೆ ಸ್ಲಿಪ್ ನೋಡಿ.

ಎಡಗಡೆ: ಗಳಿಕೆ

ಗಳಿಕೆಯ ಕಾಲಂನಲ್ಲಿ ನಾಲ್ಕು ಸಾಲುಗಳಿವೆ. ಮೂವತ್ತು ದಿನಕ್ಕೆ 24,000 ಬೇಸಿಕ್ ಆದರೆ 28 ದಿನಕ್ಕೆ ಎಷ್ಟು? 24,000ವನ್ನು 30ರಿಂದ ಭಾಗಿಸಿ 28ರಿಂದ ಗುಣಿಸಿ. 22,400. ಇದೇ ರೀತಿ ಮನೆ ಬಾಡಿಗೆ ಭತ್ಯೆ 8,960, ಓಡಾಟದ ಭತ್ಯೆ 2,800, ವಿಶೇಷ ಭತ್ಯೆ 10,640. ಎಲ್ಲ ಕೂಡಿಸಿದರೆ 44,800. ಎಲ್ಲ ಸಾಲುಗಳೂ ಒಂದೇ ಪ್ರಮಾಣದಲ್ಲಿ ಇಳಿದಿವೆ ಅನ್ನುವುದನ್ನು ಗಮನಿಸಿ. ಬರೀ ಬೇಸಿಕ್ ಮಾತ್ರ ಇಳಿದು ಉಳಿದವು ಹಾಗೇ ಇದ್ದರೆ, ಅಥವಾ ಒಂದು ಭತ್ಯೆ ಪೂರ್ತಿಯಾಗಿ ಮಾಯವಾಗಿದ್ದರೆ ಕಾರಣ ಕೇಳಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ದಿನದ ಸಂಬಳ ಎಷ್ಟು ಅನ್ನುವುದನ್ನು ಎಲ್ಲ ಕಂಪನಿಗಳೂ ಒಂದೇ ಥರ ಲೆಕ್ಕ ಹಾಕುವುದಿಲ್ಲ. ಕೆಲವರು ಆ ತಿಂಗಳಿನಲ್ಲಿ ಎಷ್ಟು ದಿನ ಇದೆಯೋ ಅಷ್ಟರಿಂದ ಭಾಗಿಸುತ್ತಾರೆ. ಕೆಲವರು ಯಾವ ತಿಂಗಳಾದರೂ 30. ಇನ್ನು ಕೆಲವರು ಭಾನುವಾರ ಬಿಟ್ಟು 26. ನಮ್ಮ ಉದಾಹರಣೆಯಲ್ಲಿ 30ರಿಂದ ಭಾಗಿಸಿದರೆ ದಿನಕ್ಕೆ 1,600, ಎರಡು ದಿನಕ್ಕೆ 3,200 ಹೋಯಿತು. ಅದೇ 26ರಿಂದ ಭಾಗಿಸಿದ್ದರೆ ದಿನಕ್ಕೆ 1,846, ಎರಡು ದಿನಕ್ಕೆ 3,692 ಹೋಗುತ್ತಿತ್ತು. ವ್ಯತ್ಯಾಸ 492 ರೂ. ಯಾವ ಪದ್ಧತಿಯಾದರೂ ಸರಿ, ಆದರೆ ಪ್ರತಿ ತಿಂಗಳೂ ಅದೇ ಪದ್ಧತಿ ಇರಬೇಕು. ಕೆಲಸಕ್ಕೆ ಸೇರುವಾಗ ಕೊಟ್ಟ ಪತ್ರದಲ್ಲೋ ಕಂಪನಿಯ ರಜೆ ನಿಯಮದಲ್ಲೋ ಇದು ಬರೆದಿರುತ್ತದೆ.

ಬಲಗಡೆ: ಕಡಿತ

ಕಡಿತದ ಕಾಲಂನಲ್ಲಿ ಎರಡು ಜಾತಿಯ ಸಾಲುಗಳಿರುತ್ತವೆ. ಒಂದು, ಕಾನೂನಿನ ಪ್ರಕಾರ ಕಡಿಯುವುದು. ಇನ್ನೊಂದು, ನಾವೇ ಒಪ್ಪಿಕೊಂಡದ್ದು.

ಮೊದಲನೆಯದು ಭವಿಷ್ಯ ನಿಧಿ, ಅಂದರೆ ಪಿಎಫ್. ಬೇಸಿಕ್‌ನ ಶೇ. 12. (ತುಟ್ಟಿಭತ್ಯೆ ಇದ್ದರೆ ಅದೂ ಸೇರುತ್ತದೆ.) ಈ ತಿಂಗಳು ಬೇಸಿಕ್ 22,400 ಆದ್ದರಿಂದ ಪಿಎಫ್ 2,688. ಮೇ ತಿಂಗಳಲ್ಲಿ ಪೂರ್ತಿ 24,000 ಇದ್ದಾಗ 2,880 ಇತ್ತು. ಬೇಸಿಕ್ ಇಳಿದರೆ ಪಿಎಫ್ ಕೂಡ ಇಳಿಯುತ್ತದೆ, ಅಷ್ಟೇ. ಕೆಲವು ಕಂಪನಿಗಳು ಬೇಸಿಕ್ ಎಷ್ಟೇ ಇರಲಿ, 2014ರಲ್ಲಿ ನಿಗದಿಯಾದ 15,000 ರೂ. ಮಿತಿಗೆ ಮಾತ್ರ ಲೆಕ್ಕ ಹಾಕಿ 1,800 ರೂ. ಕಡಿಯುತ್ತವೆ. ಅದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ನಿಮ್ಮ ಸ್ಲಿಪ್ಪಿನಲ್ಲಿ 1,800 ಅಂತ ಕಂಡರೆ ಗಾಬರಿ ಬೇಡ.

ಎರಡನೆಯದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ 200 ರೂ. 2025ರ ತಿದ್ದುಪಡಿಯ ನಂತರ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ರೂ. ಹೀಗೆ ವರ್ಷಕ್ಕೆ 2,500. ಫೆಬ್ರವರಿಯಲ್ಲಿ ನೂರು ರೂಪಾಯಿ ಎಲ್ಲಿ ಹೋಯ್ತು ಅಂತ ತಲೆ ಕೆಡಿಸಿಕೊಂಡವರಿಗೆ ಇದೇ ಉತ್ತರ.

ಮೂರನೆಯದು ಆದಾಯ ತೆರಿಗೆ, ಸ್ಲಿಪ್ಪಿನಲ್ಲಿ ‘ಟಿಡಿಎಸ್’ ಅಂತ ಇರುತ್ತದೆ. 2025-26ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿರುವ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ನಮ್ಮ ಉದಾಹರಣೆಯವರ ಸಂಬಳ ವರ್ಷಕ್ಕೆ 5.76 ಲಕ್ಷ. ಹಾಗಾಗಿ ಈ ಸಾಲಿನಲ್ಲಿ ಸೊನ್ನೆ. ಹಳೆ ಪದ್ಧತಿಯನ್ನೇ ಆರಿಸಿಕೊಂಡವರು ಎಲ್ಐಸಿ ರಸೀದಿ, ಬಾಡಿಗೆ ರಸೀದಿಗಳನ್ನು ಆಫೀಸು ಕೇಳಿದ ಸಮಯಕ್ಕೆ ಕೊಡದಿದ್ದರೆ, ವರ್ಷದ ಕೊನೆಯ ಎರಡು ಮೂರು ತಿಂಗಳಲ್ಲಿ ತೆರಿಗೆ ಒಮ್ಮೆಲೇ ಕಡಿತವಾಗುತ್ತದೆ. ಮಾರ್ಚ್‌ನಲ್ಲಿ ಕೈ ಕಟ್ಟಿಹೋಗುವ ಮನೆಗಳಲ್ಲಿ ಕಾರಣ ಬಹಳಷ್ಟು ಸಲ ಇದೇ.

ಸಂಬಳ 21,000 ರೂ. ಒಳಗಿದ್ದರೆ ಇಎಸ್ಐ ಅನ್ನುವ ಇನ್ನೊಂದು ಸಾಲು ಬರಬಹುದು. ಅದು ಶೇ. 0.75. ಅಂದರೆ 18,000 ರೂ. ಸಂಬಳಕ್ಕೆ 135 ರೂ. ಇದರಿಂದ ಇಎಸ್ಐ ಆಸ್ಪತ್ರೆಯ ಚಿಕಿತ್ಸೆ ಮನೆಮಂದಿಗೂ ಸಿಗುವುದರಿಂದ ಈ ಸಾಲಿದ್ದರೆ ಕಾರ್ಡ್ ಮಾಡಿಸಿದ್ದಾರಾ ಅಂತ ವಿಚಾರಿಸಿಕೊಳ್ಳಿ.

ಇನ್ನು ನಾವೇ ಒಪ್ಪಿಕೊಂಡ ಕಡಿತಗಳು. ಈ ಮನೆಯವರು ಏಪ್ರಿಲ್ ಕೊನೆಯಲ್ಲಿ ಮಗನ ಶಾಲಾ ಶುಲ್ಕಕ್ಕೆ ಆಫೀಸಿನಲ್ಲಿ 10,000 ರೂ. ಮುಂಗಡ ತೆಗೆದುಕೊಂಡಿದ್ದರು. ಐದು ಕಂತು, ತಿಂಗಳಿಗೆ 2,000. ಮೇ ತಿಂಗಳಲ್ಲಿ ಮೊದಲ ಕಂತು ಹೋಯಿತು, ಇದು ಎರಡನೆಯದು. ಜೊತೆಗೆ ಅತ್ತೆ ಮಾವನವರನ್ನು ಆಫೀಸಿನ ಆರೋಗ್ಯ ವಿಮೆಗೆ ಸೇರಿಸಿದ್ದಕ್ಕೆ ತಿಂಗಳಿಗೆ 750.

ಈಗ ತಾಳೆ ನೋಡೋಣ

ಎರಡೂ ಕಡೆಯನ್ನು ಅಕ್ಕಪಕ್ಕ ಇಟ್ಟರೆ ಜೂನ್ ತಿಂಗಳ ಸ್ಲಿಪ್ ಹೀಗೆ ಕಾಣುತ್ತದೆ.

| ಗಳಿಕೆ | ರೂ. | ಕಡಿತ | ರೂ. |
|---|---|---|---|
| ಮೂಲ ವೇತನ | 22,400 | ಭವಿಷ್ಯ ನಿಧಿ | 2,688 |
| ಮನೆ ಬಾಡಿಗೆ ಭತ್ಯೆ | 8,960 | ವೃತ್ತಿ ತೆರಿಗೆ | 200 |
| ಓಡಾಟದ ಭತ್ಯೆ | 2,800 | ಆದಾಯ ತೆರಿಗೆ | 0 |
| ವಿಶೇಷ ಭತ್ಯೆ | 10,640 | ಮುಂಗಡದ ಕಂತು | 2,000 |
| | | ಆರೋಗ್ಯ ವಿಮೆ | 750 |
| ಒಟ್ಟು ಗಳಿಕೆ | 44,800 | ಒಟ್ಟು ಕಡಿತ | 5,638 |
| | | ಕೈಗೆ ಬರುವ ಸಂಬಳ | 39,162 |

ಪೆನ್ಸಿಲ್ ಹಿಡಿದು ನಾಲ್ಕು ಸಲ ಟಿಕ್ ಹಾಕಬೇಕು. ಎಡಗಡೆಯ ಸಾಲುಗಳನ್ನು ನೀವೇ ಕೂಡಿಸಿ, 44,800 ಬಂತೇ? ಒಂದು ಟಿಕ್. ಬಲಗಡೆ ಕೂಡಿಸಿ, 5,638 ಬಂತೇ? ಎರಡನೇ ಟಿಕ್. ಮೊದಲನೆಯದರಿಂದ ಎರಡನೆಯದು ಕಳೆಯಿರಿ, 39,162 ಬಂತೇ? ಮೂರನೇ ಟಿಕ್. ಇಲ್ಲಿಗೆ ಮುಗಿಯಲಿಲ್ಲ. ಬ್ಯಾಂಕಿನ ಮೆಸೇಜಿನಲ್ಲಿ ಜಮಾ ಆದದ್ದೂ 39,162 ಇದೆಯೇ? ನಾಲ್ಕನೇ ಟಿಕ್. ಕಾಗದದ ಮೇಲೆ ಎಲ್ಲ ಸರಿಯಿದ್ದು ಬ್ಯಾಂಕಿಗೆ ಕಮ್ಮಿ ಬಂದಿದ್ದರೆ ಅದು ಸ್ಲಿಪ್ಪಿನ ತಪ್ಪಲ್ಲ, ಹಣ ಕಳಿಸಿದ ಕಡೆಯ ತಪ್ಪು. ಕೇಳುವ ಪ್ರಶ್ನೆ ಆಗ ಬೇರೆಯಾಗುತ್ತದೆ.

ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ ಚಿಂತಿಸಬೇಡಿ. 31 ದಿನಗಳ ತಿಂಗಳಲ್ಲಿ ಎರಡು ದಿನ ಎಲ್ಒಪಿ ಆದರೆ 24,000 ರೂ. ಬೇಸಿಕ್ 22,451 ರೂ. 61 ಪೈಸೆ ಆಗುತ್ತದೆ. ಅದನ್ನು 22,452 ಅಂತ ಪೂರ್ಣ ಮಾಡುತ್ತಾರೆ. ಹೀಗೆ ಸಾಲು ಸಾಲಿಗೂ ಪೈಸೆ ಪೂರ್ಣ ಮಾಡುವಾಗ ಒಂದೆರಡು ರೂಪಾಯಿ ಆಚೀಚೆ ಆಗುವುದು ಸಹಜ. ಐವತ್ತು, ನೂರು ರೂಪಾಯಿ ವ್ಯತ್ಯಾಸ ಬಂದರೆ ಮಾತ್ರ ಅದು ಪೈಸೆಯ ಲೆಕ್ಕವಲ್ಲ.

ಹೋದ ತಿಂಗಳಿಗೂ ಈ ತಿಂಗಳಿಗೂ

ಮೇ ತಿಂಗಳಲ್ಲಿ ಗಳಿಕೆ 48,000. ಕಡಿತ 2,880, 200, 2,000 ಮತ್ತು 750 ಸೇರಿ 5,830. ಕೈಗೆ ಬಂದದ್ದು 42,170. ಜೂನ್‌ನಲ್ಲಿ 39,162. ಅಂದರೆ 3,008 ರೂ. ಕಮ್ಮಿ. ಎರಡು ದಿನದ ಸಂಬಳ 3,200 ಅಂದಿದ್ದೆವಲ್ಲ, ಹಾಗಾದರೆ 3,200 ಕಮ್ಮಿಯಾಗಬೇಕಿತ್ತಲ್ಲವೇ? ಉತ್ತರ ಬಲಗಡೆ ಇದೆ. ಗಳಿಕೆ 3,200 ಇಳಿಯಿತು, ಅದರ ಜೊತೆ ಪಿಎಫ್ ಕಡಿತವೂ 192 ಇಳಿಯಿತು. 3,200ರಲ್ಲಿ 192 ಕಳೆದರೆ 3,008. ಸರಿಹೋಯಿತು. ಹೀಗೆ ಎರಡು ತಿಂಗಳ ಸ್ಲಿಪ್ಪನ್ನು ಪಕ್ಕದಲ್ಲಿಟ್ಟು ಯಾವ ಸಾಲು ಬದಲಾಗಿದೆ ಅಂತ ಹುಡುಕುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಬದಲಾಗದ ಸಾಲುಗಳನ್ನು ಬಿಟ್ಟುಬಿಡಿ. ಬದಲಾದ ಪ್ರತಿ ಸಾಲಿಗೂ ಒಂದು ಕಾರಣ ಸಿಗಬೇಕು.

‘ಪ್ಯಾಕೇಜ್ ಆರೂಕಾಲು ಲಕ್ಷ ಅಂದಿದ್ರು!’

ಮಗಳಿಗೋ ಅಳಿಯನಿಗೋ ಹೊಸ ಕೆಲಸ ಸಿಕ್ಕಾಗ ಈ ಮಾತು ಬಂದೇ ಬರುತ್ತದೆ. ಆರೂಕಾಲು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 52,000 ಆಗಬೇಕು. ಸ್ಲಿಪ್ಪಿನ ಎಡಗಡೆ ನೋಡಿದರೆ 48,000. ಉಳಿದ ನಾಲ್ಕು ಸಾವಿರ ಯಾರು ನುಂಗಿದರು?

ಯಾರೂ ನುಂಗಿಲ್ಲ. ಪ್ಯಾಕೇಜ್ ಅನ್ನುವುದು ಆ ನೌಕರನಿಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 48,000 ಸಂಬಳ. ಅದರ ಮೇಲೆ ಪಿಎಫ್‌ಗೆ ಕಂಪನಿ ಹಾಕುವ ತನ್ನ ಪಾಲು 2,880. ಮುಂದೆ ಕೊಡಬೇಕಾದ ಗ್ರಾಚ್ಯುಟಿಗೆಂದು ಎತ್ತಿಡುವ ಲೆಕ್ಕ, ಬೇಸಿಕ್‌ನ ಶೇ. 4.81, ಅಂದರೆ 1,154. ಮೂರೂ ಸೇರಿ 52,034. ವರ್ಷಕ್ಕೆ 6,24,408. ಆರೂಕಾಲು ಲಕ್ಷಕ್ಕೆ ಸರಿಸುಮಾರು ಬಂತಲ್ಲ!

ಇದರಲ್ಲಿ ಕೊನೆಯ ಎರಡು ಬಾಬತ್ತುಗಳು ತಿಂಗಳ ಗಳಿಕೆಯಲ್ಲ. ಕಂಪನಿಯ ಪಿಎಫ್ ಪಾಲು ನೇರವಾಗಿ ಪಿಎಫ್ ಖಾತೆಗೆ ಹೋಗುತ್ತದೆ. ಗ್ರಾಚ್ಯುಟಿಯಂತೂ ನಿಯಮದ ಪ್ರಕಾರ ಸೇವೆ ಪೂರೈಸಿ ಕೆಲಸ ಬಿಟ್ಟಾಗ ಸಿಗುವುದು. ಆದ್ದರಿಂದ ಎಡ ಬಲದ ಕೋಷ್ಟಕದಲ್ಲಿ ಇವು ಬರಬಾರದು. ಕೆಲವು ಸ್ಲಿಪ್ಪುಗಳಲ್ಲಿ ಕೆಳಗಡೆ ‘ಕಂಪನಿಯ ಪಾಲು’ ಅಂತ ಬೇರೆಯಾಗಿ ಬರೆದಿರುತ್ತಾರೆ, ಅದು ಸರಿ. ಇನ್ನು ಕೆಲವರು ಕಂಪನಿಯ ಪಾಲನ್ನು ಎಡಗಡೆ ಗಳಿಕೆಗೆ ಸೇರಿಸಿ, ಬಲಗಡೆ ಅಷ್ಟನ್ನೇ ಕಳೆಯುತ್ತಾರೆ. ನೋಡಲು ಗೊಂದಲ, ಆದರೆ ಲೆಕ್ಕಕ್ಕೆ ತೊಂದರೆಯಿಲ್ಲ. ತೊಂದರೆಯಾಗುವುದು ಎಡಗಡೆ ಸೇರಿಸದೆ ಬಲಗಡೆ ಮಾತ್ರ ಕಳೆದಾಗ. ಒಪ್ಪಿದ ಸಂಬಳದಿಂದಲೇ ಕಂಪನಿಯ ಪಾಲನ್ನೂ ಕಡಿದಂತಾಯಿತು. ಅದಕ್ಕೆ ಕಾನೂನು ಒಪ್ಪುವುದಿಲ್ಲ. ಬಲಗಡೆ ಪಿಎಫ್ ಅಂತ ಎರಡು ಸಾಲು ಕಂಡರೆ ಎಡಗಡೆ ಅದರ ಜೋಡಿ ಇದೆಯಾ ಅಂತ ತಪ್ಪದೆ ನೋಡಿ.

ತಾಳೆಯಾದರೂ ತಪ್ಪಿರಬಹುದು

ನಾಲ್ಕು ಟಿಕ್ ಬಿದ್ದ ಮಾತ್ರಕ್ಕೆ ಎಲ್ಲ ಸರಿ ಅಂದುಕೊಳ್ಳಬೇಡಿ. ಕಂಪ್ಯೂಟರಿಗೆ ತಪ್ಪು ಸಂಖ್ಯೆ ಕೊಟ್ಟರೂ ಅದು ಕೂಡಿಸಿ ಕಳೆದು ತಾಳೆ ಮಾಡಿಯೇ ಕೊಡುತ್ತದೆ. ಅಂಥ ಮೂರು ತಪ್ಪುಗಳನ್ನು ಮನೆಯಲ್ಲಿ ಕೂತೇ ಹಿಡಿಯಬಹುದು.

ಮೊದಲನೆಯದು ಎಲ್ಒಪಿ ಎರಡು ಸಲ ಹೋಗುವುದು. ಎಲ್ಒಪಿ ತೋರಿಸುವುದಕ್ಕೆ ಎರಡು ದಾರಿಗಳಿವೆ. ನಮ್ಮ ಕೋಷ್ಟಕದಂತೆ ಎಡಗಡೆಯ ಸಾಲುಗಳನ್ನೇ 28 ದಿನಕ್ಕೆ ಇಳಿಸುವುದು ಒಂದು. ಎಡಗಡೆ ಪೂರ್ತಿ 48,000 ಬರೆದು, ಬಲಗಡೆ ಎಲ್ಒಪಿ 3,200 ಅಂತ ಕಳೆಯುವುದು ಇನ್ನೊಂದು. ಆಗ ಒಟ್ಟು ಕಡಿತ 8,838 ಆಗುತ್ತದೆ, ಕೈಗೆ ಬರುವುದು ಮತ್ತೆ ಅದೇ 39,162. ಯಾವ ದಾರಿಯಾದರೂ ಒಂದೇ ಊರು. ಆದರೆ ಎಡಗಡೆ ಇಳಿಸಿ, ಬಲಗಡೆಯೂ ಎಲ್ಒಪಿ ಅಂತ ಕಳೆದಿದ್ದರೆ? ಕೈಗೆ 35,962 ಬರುತ್ತದೆ. ಕೂಡಿಸಿ ಕಳೆದರೆ ತಾಳೆಯೂ ಆಗುತ್ತದೆ! ಎಡಗಡೆ ಇಳಿದ ಸಂಖ್ಯೆ, ಬಲಗಡೆ ಎಲ್ಒಪಿ ಸಾಲು, ಇವೆರಡೂ ಒಟ್ಟಿಗೆ ಕಂಡರೆ ಮರುದಿನವೇ ಆಫೀಸಿನಲ್ಲಿ ಕೇಳಬೇಕು.

ಎರಡನೆಯದು ಮುಂಗಡದ ಕಂತು ಮುಗಿದ ಮೇಲೂ ನಿಲ್ಲದಿರುವುದು. 10,000ದಲ್ಲಿ ಮೇ, ಜೂನ್ ಎರಡು ಕಂತು ಹೋಗಿ ಬಾಕಿ 6,000. ಜುಲೈ, ಆಗಸ್ಟ್, ಸೆಪ್ಟೆಂಬರ್‌ಗೆ ಮುಗಿಯಬೇಕು. ಅಕ್ಟೋಬರ್ ಸ್ಲಿಪ್ಪಿನಲ್ಲಿ ಆ ಸಾಲು ಇರಕೂಡದು. ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಪುಟದ ಮೇಲೆ ಈಗಲೇ ಒಂದು ಗುರುತು ಹಾಕಿಡಿ. ಬೇರೆ ಕಂಪನಿಗೆ ಹೋದಾಗ ಮೊದಲಿನ ಕಂಪನಿಯ ವಿಮೆ ಕಡಿತ ನಿಂತಿದೆಯೇ, ಊಟದ ಕೂಪನ್ ಬೇಡವೆಂದ ಮೇಲೂ ಅದರ ದುಡ್ಡು ಹೋಗುತ್ತಿದೆಯೇ, ಇಂಥವನ್ನೂ ಹೀಗೆಯೇ ನೋಡಿಕೊಳ್ಳಬೇಕು.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಸ್ಲಿಪ್ಪಿನಲ್ಲಿ ಪಿಎಫ್ ಕಡಿದಿದ್ದಾರೆ ಸರಿ, ಆ ಹಣ ಪಿಎಫ್ ಖಾತೆಗೆ ಹೋಯಿತೇ? ಕಂಪನಿ ಅದನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಕಟ್ಟದೆ ತಿಂಗಳುಗಟ್ಟಲೆ ಎಳೆದ ಸಣ್ಣ ಕಂಪನಿಗಳು ಮುಚ್ಚಿಹೋದಾಗ ನೌಕರರು ಪರದಾಡಿದ ಕಥೆಗಳು ನೀವೂ ಕೇಳಿರುತ್ತೀರಿ. ಸ್ಲಿಪ್ಪಿನಲ್ಲಿ ಯುಎಎನ್ ಅಂತ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಯಿಂದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡಬಹುದು. ಖಾತೆಗೆ ಜೋಡಿಸಿದ ಮೊಬೈಲ್‌ನಿಂದ 9966044425 ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿಯ ವಿವರ ಮೆಸೇಜಿನಲ್ಲಿ ಬರುತ್ತದೆ.

ಪಾಸ್‌ಬುಕ್‌ನಲ್ಲಿ ಜೂನ್ ತಿಂಗಳ ಎದುರು ಮೂರು ಸಂಖ್ಯೆ ಕಾಣಬೇಕು. ನೌಕರನ ಪಾಲು 2,688, ಸ್ಲಿಪ್ಪಿನಲ್ಲಿ ಕಡಿದದ್ದಕ್ಕೆ ಸರಿಸಮ. ಕಂಪನಿಯ ಪಾಲೂ 2,688ವೇ, ಆದರೆ ಅದು ಎರಡು ಹೋಳಾಗಿರುತ್ತದೆ. 15,000 ರೂ. ಮಿತಿಯ ಲೆಕ್ಕದಲ್ಲಿ ಪಿಂಚಣಿಗೆ 1,250, ಉಳಿದ 1,438 ಭವಿಷ್ಯ ನಿಧಿಗೆ. ‘ಕಂಪನಿಯವರು ನಮಗಿಂತ ಕಮ್ಮಿ ಹಾಕ್ತಾರೆ’ ಅಂತ ಅನೇಕರು ದೂರುವುದು ಈ 1,438 ನೋಡಿಯೇ. ಪಕ್ಕದ ಪಿಂಚಣಿ ಕಾಲಂ ಸೇರಿಸಿದರೆ ಸರಿಹೋಗುತ್ತದೆ. ಎರಡು ಮೂರು ತಿಂಗಳು ಪಾಸ್‌ಬುಕ್‌ನಲ್ಲಿ ಏನೂ ಕಾಣದಿದ್ದರೆ ಮಾತ್ರ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಪಿಎಫ್ ಕಚೇರಿಗೆ ದೂರು ಕೊಡಬಹುದು. ಆಗ ನಿಮ್ಮ ಕೈಯಲ್ಲಿರುವ ಪುರಾವೆ ಈ ಸ್ಲಿಪ್ಪೇ. ‘ಕಡಿದದ್ದಕ್ಕೆ ದಾಖಲೆ ಇದೆ, ಕಟ್ಟಿದ್ದಕ್ಕೆ ಇಲ್ಲ’ ಅನ್ನುವುದನ್ನು ಅದು ತೋರಿಸುತ್ತದೆ.

ಸ್ಲಿಪ್ಪನ್ನೇ ಕೊಡದ ಕಡೆ ಕೆಲಸ ಮಾಡುವವರೂ ಇದ್ದಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ವೇತನ ಚೀಟಿ ಕೊಡುವುದು ಮಾಲೀಕರ ಹೊಣೆ. ಎಲ್ಲ ಕಡಿತ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ ಅಂತಲೂ ಅದರಲ್ಲಿದೆ. ಮುಂಗಡ, ಸಾಲ ಅಂತ ಮುಕ್ಕಾಲು ಸಂಬಳ ಹಿಡಿದುಕೊಳ್ಳುವವರಿಗೆ ಇದನ್ನು ತೋರಿಸಬಹುದು.

ನಾವೂ ಸಂಬಳ ಕೊಡುವವರೇ

ಅಡುಗೆಯವರು, ಪಾತ್ರೆ ಬಟ್ಟೆಗೆ ಬರುವವರು, ಇವರ ಲೆಕ್ಕ ನಮ್ಮ ತಲೆಯಲ್ಲಿರುತ್ತದೆ, ಅವರ ತಲೆಯಲ್ಲಿ ಬೇರೆಯೇ ಇರುತ್ತದೆ. ಹೆಚ್ಚಿನ ಜಗಳ ಮುಂಗಡದ ಬಗ್ಗೆಯೇ. ‘ಹೋದ ತಿಂಗಳು ಸಾವಿರ ಹಿಡ್ಕೊಂಡ್ರಲ್ಲಾ ಅಕ್ಕಾ’ ಅಂತ ಅವರು, ‘ಇಲ್ಲಮ್ಮ, ಹಿಡಿದಿಲ್ಲ’ ಅಂತ ನಾವು. ಇದಕ್ಕೂ ಅದೇ ಎಡ ಬಲದ ಚೀಟಿ ಸಾಕು. ತಿಂಗಳ ಸಂಬಳ 6,000. ಹಬ್ಬದ ದಿನ ಹೆಚ್ಚಿಗೆ ಕೆಲಸ ಮಾಡಿದ್ದಕ್ಕೆ 500. ಎಡಗಡೆ ಒಟ್ಟು 6,500. ಬಲಗಡೆ ಮುಂಗಡದ ಕಂತು 1,000. ಕೈಗೆ 5,500. ಕೆಳಗಡೆ ಒಂದು ಸಾಲು ಜಾಸ್ತಿ ಬರೆಯಿರಿ: ಪಡೆದ ಮುಂಗಡ 5,000, ಈವರೆಗೆ ತೀರಿದ್ದು 2,000, ಬಾಕಿ 3,000.

ಒಂದು ನೋಟ್‌ಬುಕ್‌ನಲ್ಲಿ ಬರೆದು, ಅವರಿಗೆ ಓದಿ ಹೇಳಿ, ಸಹಿ ಹಾಕಿಸಿ. ಅದರ ಒಂದು ಪ್ರತಿ ಅವರಿಗೂ ಕೊಡಿ. ಓದಲು ಬಾರದವರಾದರೆ ಅವರ ಮಕ್ಕಳು ಮನೆಯಲ್ಲಿ ಓದಿ ಹೇಳುತ್ತಾರೆ. ಬಾಕಿ ಎಷ್ಟು ಅನ್ನುವುದು ಇಬ್ಬರಿಗೂ ಒಂದೇ ಸಂಖ್ಯೆಯಾಗಿ ಗೊತ್ತಿದ್ದರೆ ಮಾತಿಗೆ ಮಾತು ಬೆಳೆಯುವುದಿಲ್ಲ. ಅವರು ಬರದ ದಿನಕ್ಕೆ ಸಂಬಳ ಹಿಡಿಯುವವರು ಎಷ್ಟು ದಿನ ರಜೆ ಇದೆ, ಒಂದು ದಿನಕ್ಕೆ ಎಷ್ಟು ಅನ್ನುವುದನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೇಳಿ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಬೇಕು. ತಿಂಗಳ ಕೊನೆಯಲ್ಲಿ ಹೊಸ ನಿಯಮ ಹೇಳಿದರೆ ಯಾರಿಗಾದರೂ ಬೇಸರವಾಗುತ್ತದೆ.

ಸ್ಲಿಪ್ ಬಂದ ದಿನ ಹತ್ತು ನಿಮಿಷ

* ಎಲ್ಒಪಿ ದಿನಗಳು ನಿಜವಾಗಿ ಹಾಕಿದ ರಜೆಗೆ ಸರಿಯಿವೆಯೇ ಕೇಳಿ ನೋಡಿ.
* ಎಡ ಕೂಡಿಸಿ, ಬಲ ಕೂಡಿಸಿ, ಕಳೆಯಿರಿ. ಬ್ಯಾಂಕಿನ ಮೆಸೇಜಿನ ಜೊತೆ ಹೋಲಿಸಿ.
* ಹೋದ ತಿಂಗಳಿಗಿಂತ ಬದಲಾದ ಸಾಲುಗಳಿಗೆ ಮಾತ್ರ ಕಾರಣ ಹುಡುಕಿ.
* ಮುಂಗಡ ಇದ್ದರೆ ಬಾಕಿ ಎಷ್ಟು, ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಸ್ಲಿಪ್ಪಿನ ಅಂಚಿನಲ್ಲೇ ಬರೆಯಿರಿ.
* ಮೂರು ತಿಂಗಳಿಗೊಮ್ಮೆ ಪಿಎಫ್ ಪಾಸ್‌ಬುಕ್ ತೆರೆದು ನೋಡಿ.
* ಸ್ಲಿಪ್ಪುಗಳನ್ನು ಒಂದು ಫೈಲಿನಲ್ಲೋ ಮೊಬೈಲಿನ ಒಂದು ಫೋಲ್ಡರಿನಲ್ಲೋ ತಿಂಗಳ ಹೆಸರಿನಲ್ಲಿ ಇಡಿ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಾಮಾನ್ಯವಾಗಿ ಮೊದಲು ಕೇಳುವುದು ಕೊನೆಯ ಮೂರು ತಿಂಗಳ ಸ್ಲಿಪ್. ಕೆಲಸ ಬಿಟ್ಟ ಮೇಲೆ ಆಫೀಸಿನ ಮೇಲ್ ತೆರೆಯಲು ಆಗುವುದಿಲ್ಲ, ನೆನಪಿರಲಿ.